ಎರಡೂವರೆ ಗಂಟೆಯ ಗ್ರಾಮ ಸಭೆ, ಒಂದು ಹಾಳೆಯ ನೋಟಿಸ್

ಪ್ರಶ್ನೆ: ನಾನು ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿ. ಹೋದ ವಾರ ನಮ್ಮ ಗ್ರಾಮ ಸಭೆ ಎರಡೂವರೆ ಗಂಟೆ ನಡೀತು. ಮೊಬೈಲಲ್ಲಿ ಪೂರ್ತಿ ರೆಕಾರ್ಡ್ ಮಾಡಿದ್ದೇನೆ. ಪಿಡಿಒ ಸರ್ "ಜನರಿಗೆ ಅರ್ಥ ಆಗೋ ಹಾಗೆ ಒಂದು ನೋಟಿಸ್ ಮಾಡಿ ಬೋರ್ಡಿಗೆ ಹಾಕಿ" ಅಂದರು. ಕೂತು ಬರೆದೆ, ಆರು ಪುಟ ಆಯ್ತು. ಕಡಿಮೆ ಮಾಡೋಕೆ ಹೋದರೆ "ಚರ್ಚಿಸಿ ತೀರ್ಮಾನಿಸಲಾಯಿತು" ಅಂತ ಮಾತ್ರ ಉಳೀತು. ಏನು ಇಡಬೇಕು, ಏನು ಬಿಡಬೇಕು?

ಉತ್ತರ: ನೀವು ಬರೆದಿರುವುದು ನಡಾವಳಿ. ಅದಕ್ಕೇ ಆರು ಪುಟ ಆಗಿದೆ. ನಡಾವಳಿ ಪುಸ್ತಕ ಆಡಿಟ್‌ನವರು ಕೇಳಿದಾಗ, ತಕರಾರು ಬಂದಾಗ ತೆಗೆದು ನೋಡುವುದಕ್ಕೆ. ಅಲ್ಲಿ ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಲ್ಲ ಇರಬೇಕು. ನೋಟಿಸ್ ಓದುವವರು ಡೇರಿಗೆ ಹಾಲು ಹಾಕಿ ವಾಪಸ್ ಹೋಗುವಾಗ ಬೋರ್ಡ್ ಮುಂದೆ ಒಂದು ನಿಮಿಷ ನಿಲ್ಲುವ ಜನ. ನಮ್ಮ ಬೀದಿಗೆ ಏನಾಯ್ತು, ಯಾವಾಗ ಆಗುತ್ತೆ, ಆಗದಿದ್ದರೆ ಯಾರನ್ನು ಕೇಳಬೇಕು, ಇಷ್ಟೇ ಅವರಿಗೆ ಬೇಕು.

ಪಂಚಾಯತಿ ಕಾರ್ಯದರ್ಶಿಯಾಗಿ ನಾನು ವರ್ಷಗಟ್ಟಲೆ ನಡಾವಳಿ ಬರೆದವನು. ಮೊದಮೊದಲು ನೋಟಿಸನ್ನೂ ಅದೇ ಧಾಟಿಯಲ್ಲಿ ಬರೆದು ಅಂಟಿಸುತ್ತಿದ್ದೆ. ಒಂದು ಸಲ ಅದರಲ್ಲಿ "ಎರಡನೇ ವಾರ್ಡಿನ ಚರಂಡಿ ಕಾಮಗಾರಿ ಮಾಡಲಾಗುವುದು" ಅಂತ ಇತ್ತು. ಮೂರು ತಿಂಗಳಾದ ಮೇಲೆ ಆ ಬೀದಿಯ ಹೆಂಗಸರು ನೋಟಿಸಿನ ಫೋಟೊ ಹಿಡಿದುಕೊಂಡು ಆಫೀಸಿಗೆ ಬಂದರು. "ಮಾಡ್ತೀವಿ ಅಂತ ನೀವೇ ಬರ್ದಿದೀರಲ್ಲ ಸಾಮಿ?" ರೆಕಾರ್ಡಿಂಗ್ ಹಾಕಿ ಕೇಳಿದರೆ ಇಂಜಿನಿಯರ್ ಅಂದು ಹೇಳಿದ್ದು ಇಷ್ಟೇ: "ನೋಡೋಣ, ಜಾಗ ನೋಡಿ ಹೇಳ್ತೀನಿ." ನೋಡೋಣ ಅಂದದ್ದನ್ನು ಮಾಡಲಾಗುವುದು ಅಂತ ಮಾಡಿದವನು ನಾನು. ಸಭೆಯಲ್ಲಿ ಇಲ್ಲದ ಮಾತನ್ನು ನನ್ನ ಪೆನ್ನು ಸೇರಿಸಿತ್ತು.

ಹಾಗಾಗಿ ನಿಮ್ಮ ಕೆಲಸದಲ್ಲಿ ಕಷ್ಟದ ಭಾಗ ಪುಟ ಕಡಿಮೆ ಮಾಡುವುದಲ್ಲ. ರೆಕಾರ್ಡಿಂಗ್‌ನಲ್ಲಿರುವ ಪ್ರತಿ ಮಾತು ಯಾವ ಜಾತಿಯದ್ದು ಅಂತ ಗುರುತಿಸುವುದು. ಅದಾದರೆ ಪುಟ ತಾನಾಗಿ ಕಡಿಮೆ ಆಗುತ್ತೆ.

ಕೇಳುವಾಗ ಏನು ಬರೆದುಕೊಳ್ಳಬೇಕು

ಒಂದು ನೋಟ್‌ಬುಕ್ ತಗೊಳ್ಳಿ. ಮೊದಲ ಸಲ ಕೇಳುವಾಗ ಪೂರ್ತಿ ವಾಕ್ಯ ಬರೆಯಬೇಡಿ. ರೆಕಾರ್ಡಿಂಗ್‌ನ ಸಮಯ, ವಿಷಯ, ಒಂದು ಅಕ್ಷರ, ಅಷ್ಟು ಸಾಕು. ಜನ ಕೇಳಿದ್ದಾದರೆ "ಕೇ". ಅಧಿಕಾರಿಗಳು ಕೊಟ್ಟ ಮಾಹಿತಿಯಾದರೆ "ಮಾ". ಯಾರಾದರೂ ಒಬ್ಬರು ಮಾಡಿಸ್ತೀನಿ ಅಂದಿದ್ದರೆ "ಭ", ಅಂದರೆ ಭರವಸೆ. ಸಭೆ ಒಪ್ಪಿದ್ದಾದರೆ "ತೀ", ತೀರ್ಮಾನ. ಎರಡೂವರೆ ಗಂಟೆಯ ಸಭೆಗೆ ಮೂರು ಪುಟದ ಪಟ್ಟಿ ಆಗಬಹುದು. ಆಮೇಲೆ "ಭ" ಮತ್ತು "ತೀ" ಇರುವ ಕಡೆಗೆ ಮಾತ್ರ ವಾಪಸ್ ಹೋಗಿ, ಅಷ್ಟನ್ನು ಮಾತ್ರ ಮಾತು ಬಿಡದೆ ಬರೆದುಕೊಳ್ಳಿ. ಎರಡನೇ ಸಲಕ್ಕೆ ಅರ್ಧ ಗಂಟೆಯೂ ಹಿಡಿಯಲ್ಲ.

ಶುರುವಿನಲ್ಲೇ ಒಂದು ಗುಂಡಿ ಇದೆ, ಹುಷಾರು. ಸಭೆ ಆರಂಭವಾಗುವುದೇ ಹಿಂದಿನ ಸಭೆಯ ನಡಾವಳಿ ಓದುವುದರಿಂದ. ಜೊತೆಗೆ ಅನುಪಾಲನಾ ವರದಿ. ಓದುವ ಧ್ವನಿಯಲ್ಲಿ ಎಲ್ಲವೂ ತೀರ್ಮಾನದ ಹಾಗೇ ಕೇಳಿಸುತ್ತೆ. "ಸೋಲಾರ್ ದೀಪ ಹಾಕಿಸಲು ತೀರ್ಮಾನಿಸಲಾಯಿತು" ಅಂತ ಕಿವಿಗೆ ಬಿದ್ದ ತಕ್ಷಣ ಬರೆದುಕೊಂಡರೆ, ಹೋದ ವರ್ಷದ ದೀಪ ಈ ವರ್ಷದ ನೋಟಿಸಿಗೆ ಬಂದುಬಿಡುತ್ತೆ. ಆ ಭಾಗ ಎಲ್ಲಿ ಮುಗಿಯಿತು ಅನ್ನುವುದನ್ನು ಮೊದಲು ಗುರುತು ಹಾಕಿ, ಅಲ್ಲೊಂದು ಗೆರೆ ಎಳೆಯಿರಿ.

ಇಲಾಖೆಯವರ ಭಾಷಣಗಳನ್ನು ಹೆಚ್ಚು ಕಡಿಮೆ ಪೂರ್ತಿ ಬಿಡಬಹುದು. ಕೃಷಿ, ಆರೋಗ್ಯ, ಪಶು ವೈದ್ಯ ಎಲ್ಲರೂ ತಮ್ಮ ಯೋಜನೆಗಳನ್ನು ಹೇಳುತ್ತಾರೆ. ಅದರಲ್ಲಿ ತಾರೀಖು ಇರುವುದನ್ನು ಮಾತ್ರ ಎತ್ತಿಕೊಳ್ಳಿ. ಕಾಲುಬಾಯಿ ಲಸಿಕೆ ಯಾವತ್ತು, ಯಾವ ಊರಲ್ಲಿ ಅನ್ನುವುದು ನೋಟಿಸಿಗೆ ಬೇಕು. ಲಸಿಕೆಯ ಮಹತ್ವ ಬೇಡ.

ತೀರ್ಮಾನ ಅಂತ ಹೇಗೆ ಗೊತ್ತಾಗುತ್ತೆ?

ನಮ್ಮ ಸಭೆಗಳಲ್ಲಿ "ಇದು ತೀರ್ಮಾನ" ಅಂತ ಯಾರೂ ಹೇಳಲ್ಲ. ಮಾತಿನ ಕೊನೆ ನೋಡಬೇಕು. "ನೋಡೋಣ" ಅಂದರೆ ಏನೂ ಆಗಿಲ್ಲ. "ಮಾಡ್ಸೋಣ" ಅಂದರೆ ಭರವಸೆ. "ಬರ್ಬೋದು", "ಆಗ್ಬೋದು" ಅನ್ನುವುದು ಅಂದಾಜು. "ಮೇಲಕ್ಕೆ ಬರೆಯೋಣ" ಅಂದರೆ ಪಂಚಾಯತಿ ಬರೀ ಕಾಗದ ಕಳಿಸುತ್ತೆ, ಕೆಲಸ ಬೇರೆಯವರ ಕೈಯಲ್ಲಿದೆ.

ನಾನು ತೀರ್ಮಾನ ಅಂತ ಎಣಿಸುವುದಕ್ಕೆ ಮೂರು ಗುರುತು ಬೇಕು. ಅಧ್ಯಕ್ಷರು ವಿಷಯವನ್ನು ಸಭೆಗೆ ಕೇಳಿರಬೇಕು: "ಏನಂತೀರಿ?", "ಒಪ್ಪಿಗೆನಾ?" ಜನ ಹೂಂ ಅಂದಿರಬೇಕು. ಆಮೇಲೆ ಪಿಡಿಒ ಅಥವಾ ಕಾರ್ಯದರ್ಶಿ "ಬರ್ಕೊಳ್ಳಿ" ಅಂದಿರಬೇಕು. ಮೂರೂ ಸಿಕ್ಕಿದರೆ ಧೈರ್ಯವಾಗಿ "ತೀ" ಹಾಕಿ. ಎರಡೇ ಸಿಕ್ಕಿದರೆ ನಡಾವಳಿ ಪುಸ್ತಕ ತೆಗೆಸಿ ನೋಡಿ. ಪುಸ್ತಕದಲ್ಲಿ ಒಂದು, ರೆಕಾರ್ಡಿಂಗ್‌ನಲ್ಲಿ ಇನ್ನೊಂದು ಇದ್ದರೆ ನೀವಾಗಿ ಯಾವುದನ್ನೂ ಆರಿಸಬೇಡಿ. ಪಿಡಿಒ ಅವರಿಗೆ ಆ ಒಂದು ನಿಮಿಷದ ತುಣುಕು ಕೇಳಿಸಿ, ಅವರು ಹೇಳಿದ ಮೇಲೆ ಬರೆಯಿರಿ. ನೋಟಿಸಿನ ಕೆಳಗೆ ಸಹಿ ಹಾಕುವವರು ಅವರು ತಾನೆ.

ಇನ್ನೊಂದು ವಿಷಯ. ಗ್ರಾಮ ಸಭೆ ತೀರ್ಮಾನ ಮಾಡಿದರೂ ತಾನೇ ಮಾಡಿಸಲಾಗದ ಕೆಲಸಗಳಿವೆ. ಬಸ್ಸು, ಟ್ರಾನ್ಸ್‌ಫಾರ್ಮರ್, ರೇಷನ್ ಕಾರ್ಡ್ ಎಲ್ಲ ಆ ಸಾಲಿನವು. "ಸಂಜೆ ಬಸ್ ಬಿಡಿಸಲು ತೀರ್ಮಾನ" ಅಂತ ಬರೆದರೆ ಓದಿದವರು ಸಂಜೆ ಬಸ್ ಸ್ಟಾಂಡಿಗೆ ಹೋಗಿ ನಿಲ್ಲುತ್ತಾರೆ. "ಸಂಜೆ ಬಸ್ ಬಿಡಿ ಅಂತ ಪಂಚಾಯತಿ ಡಿಪೋಗೆ ಪತ್ರ ಬರೆಯುತ್ತದೆ" ಅಂತ ಬರೆಯಿರಿ. ಆಗಿರುವುದೂ ಅಷ್ಟೇ.

ಒಂದು ತುಣುಕು ನೋಡೋಣ

ತರಬೇತಿಗೆ ಅಂತ ನಾನು ಇಟ್ಟುಕೊಂಡಿರುವ ಒಂದು ತುಣುಕು ಇದು. ಸಭೆ ನಡೆದದ್ದು ಮಂಗಳವಾರ, 10-06-2025 ಅಂತ ಇಟ್ಟುಕೊಳ್ಳಿ. ರೆಕಾರ್ಡಿಂಗ್‌ನ 52ನೇ ನಿಮಿಷದಿಂದ:

ಒಬ್ಬ ಹೆಂಗಸು: "ನಮ್ ಕೇರಿಗೆ ನೀರು ಮೂರ್ ದಿನಕ್ಕೊಂದ್ಸಲ ಬತ್ತೈತೆ ಸಾರ್. ಅದೂ ಬೆಳಗಿನ್ ಜಾವ ನಾಲ್ಕ್ ಗಂಟೆಗೆ."

ನೀರುಗಂಟಿ: "ಒಂದ್ ಮೋಟ್ರು ಸುಟ್ಟೋಗೈತೆ. ಇನ್ನೊಂದ್ರಲ್ಲೇ ಎರಡೂ ಟ್ಯಾಂಕ್ ತುಂಬುಸ್ತಾ ಇದೀನಿ."

ಇಂಜಿನಿಯರ್: "ಮೋಟ್ರು ವೈಂಡಿಂಗ್‌ಗೆ ಹೋಗಿದೆ. ಸೋಮವಾರ ಬರ್ಬೋದು. ಹೊಸ ಬೋರ್ ಕೇಳ್ತಿದೀರಲ್ಲ, ಅದಕ್ಕೆ ಎಸ್ಟಿಮೇಟ್ ಮಾಡ್ಬೇಕು, ನೋಡೋಣ."

ಹಿಂದಿನಿಂದ ಒಬ್ಬರು: "ಹೋದ್ ವರ್ಷನೂ ಇದೇ ಹೇಳಿದ್ರಿ!" (ಎರಡು ನಿಮಿಷ ಗಲಾಟೆ.)

ಅಧ್ಯಕ್ಷರು: "ಆಯ್ತು ಕೂತ್ಕೊಳಿ. ಮೋಟ್ರು ಬರೋಗಂಟ ಟ್ಯಾಂಕರ್ ಬಿಡ್ಸೋಣ, ದಿನ ಬಿಟ್ ದಿನ. ಏನಂತೀರಿ?" (ಹೂಂ, ಹೂಂ.)

ಪಿಡಿಒ: "ನಾಡಿದ್ದಿಂದ ಬಿಡ್ತೀವಿ. ಪಂಚಾಯ್ತಿ ಸ್ವಂತ ನಿಧಿಯಿಂದ. ಬರ್ಕೊಳ್ಳಿ."

ಇದನ್ನು ಹಳೆಯ ಧಾಟಿಯಲ್ಲಿ ಬರೆದರೆ ಹೀಗಾಗುತ್ತೆ: "ಕುಡಿಯುವ ನೀರಿನ ಸಮಸ್ಯೆ ಕುರಿತು ಸುದೀರ್ಘವಾಗಿ ಚರ್ಚಿಸಿ, ಸದರಿ ವಿಷಯದಲ್ಲಿ ಸೂಕ್ತ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಇದರಲ್ಲಿ ಟ್ಯಾಂಕರ್ ಇಲ್ಲ, ದಿನ ಇಲ್ಲ, ಬೀದಿ ಇಲ್ಲ. ಕ್ರಮ ಕೈಗೊಳ್ಳುವವರು ಯಾರು ಅನ್ನುವುದೂ ಇಲ್ಲ. "ಲಾಯಿತು", "ಲಾಗುವುದು" ಅನ್ನುವ ಕ್ರಿಯಾಪದಗಳ ಗುಣವೇ ಅದು, ಮಾಡುವವರು ಹಿಂದೆ ಅಡಗಿಕೊಳ್ಳುತ್ತಾರೆ. ನೋಟಿಸ್ ಬರೆದ ಮೇಲೆ ಈ ಎರಡು ಬಾಲಗಳನ್ನು ಹುಡುಕಿ. ಎಲ್ಲೆಲ್ಲಿ ಸಿಗುತ್ತೋ ಅಲ್ಲಿ "ಯಾರು?" ಅಂತ ಕೇಳಿಕೊಂಡು ಅವರ ಹುದ್ದೆಯನ್ನು ವಾಕ್ಯದ ಮೊದಲಿಗೆ ತನ್ನಿ.

ಈಗ ತುಣುಕನ್ನು ಬಿಡಿಸೋಣ. ಹೆಂಗಸು ಹೇಳಿದ್ದು "ಕೇ". ನೀರುಗಂಟಿ ಹೇಳಿದ್ದು "ಮಾ". ಇಂಜಿನಿಯರ್ ಮಾತಿನಲ್ಲಿ ಎರಡಿದೆ: ಮೋಟರ್ ಸೋಮವಾರ ಬರಬಹುದು ಅನ್ನುವ ಅಂದಾಜು, ಬೋರ್‌ವೆಲ್ ಬಗ್ಗೆ ಒಂದು "ನೋಡೋಣ". ಟ್ಯಾಂಕರ್ ಮಾತ್ರ ತೀರ್ಮಾನ, ಮೂರು ಗುರುತೂ ಇದೆ. ಗಲಾಟೆಯ ಎರಡು ನಿಮಿಷ ನೋಟಿಸಿಗೆ ಬರಲ್ಲ.

ಎರಡು ಮಾತನ್ನು ಬೋರ್ಡಿಗೆ ಹೋಗುವ ಮುಂಚೆ ಬದಲಾಯಿಸಬೇಕು. ಒಂದು, "ನಾಡಿದ್ದು". ಸಭೆಯಲ್ಲಿ ಅದು ಗುರುವಾರ. ಶುಕ್ರವಾರ ಬೋರ್ಡ್ ಓದುವವರಿಗೆ ಅದು ಭಾನುವಾರ. ನಾಳೆ, ನಾಡಿದ್ದು, ಬರೋ ವಾರ, ಹಬ್ಬ ಕಳೆದ ಮೇಲೆ, ಇವೆಲ್ಲ ತಾರೀಖು ಮತ್ತು ವಾರ ಆಗಬೇಕು. ಇಲ್ಲಿ ನಾಡಿದ್ದು ಅಂದರೆ 12ನೇ ತಾರೀಖು ಗುರುವಾರ, ಸೋಮವಾರ ಅಂದರೆ 16. ಎಣಿಸುವಾಗ ಸಭೆಯ ದಿನದಿಂದ ಎಣಿಸಿ, ನೀವು ರೆಕಾರ್ಡಿಂಗ್ ಕೇಳುತ್ತಿರುವ ದಿನದಿಂದ ಅಲ್ಲ. ಈ ತಪ್ಪು ನಾನು ಮಾಡಿದ್ದೇನೆ.

ಇನ್ನೊಂದು, "ನಮ್ ಕೇರಿ". ವಾರ್ಡ್ ನಂಬರ್ ಬರೆದರೆ ಅರ್ಧ ಊರಿಗೆ ಗೊತ್ತಾಗಲ್ಲ. ಜನ ಕರೆಯುವ ಹೆಸರು ಬರೆಯೋಣ ಅಂದರೆ ಎಷ್ಟೋ ಕಡೆ ಅದು ಜಾತಿಯ ಹೆಸರು. ಸಭೆಯಲ್ಲಿ ಬಾಯಿಗೆ ಬಂದದ್ದು ಬೋರ್ಡಿನ ಮೇಲೆ ಬರಬಾರದು. ಹತ್ತಿರದ ಗುರುತು ಹೇಳಿ: ಅಂಗನವಾಡಿ ಹಿಂದಿನ ಬೀದಿ, ಹಳೇ ಟ್ಯಾಂಕ್ ಪಕ್ಕದ ಮನೆಗಳು. ಯಾವ ಬೀದಿ ಅಂತ ರೆಕಾರ್ಡಿಂಗ್‌ನಿಂದ ಗೊತ್ತಾಗದಿದ್ದರೆ ನೀರುಗಂಟಿಯನ್ನು ಕೇಳಿ. ಯಾವ ವಾಲ್ವ್ ತಿರುಗಿಸಿದರೆ ಯಾವ ಮನೆಗೆ ನೀರು ಹೋಗುತ್ತೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ.

ಕೊನೆಗೆ ಬೋರ್ಡಿಗೆ ಹೋದದ್ದು ಇಷ್ಟು:

> ಕುಡಿಯುವ ನೀರು (ಅಂಗನವಾಡಿ ಹಿಂದಿನ ಎರಡು ಬೀದಿ)
>
> ಒಂದು ಮೋಟರ್ ಸುಟ್ಟಿದೆ. ಅದಕ್ಕೇ ನೀರು ಕಡಿಮೆ ಬರುತ್ತಿದೆ.
>
> ತೀರ್ಮಾನ: ಮೋಟರ್ ರಿಪೇರಿ ಆಗಿ ಬರುವವರೆಗೆ ಪಂಚಾಯತಿ ದಿನ ಬಿಟ್ಟು ದಿನ ಟ್ಯಾಂಕರ್ ನೀರು ಕೊಡುತ್ತದೆ. 12-06-2025 ಗುರುವಾರ ಶುರು. ಖರ್ಚು ಪಂಚಾಯತಿಯ ಸ್ವಂತ ನಿಧಿಯಿಂದ.
>
> ಮೋಟರ್ 16-06-2025 ಸೋಮವಾರ ಬರಬಹುದು ಎಂದು ಇಂಜಿನಿಯರ್ ಹೇಳಿದ್ದಾರೆ.
>
> ತೀರ್ಮಾನ ಆಗಿಲ್ಲ: ಹೊಸ ಬೋರ್‌ವೆಲ್ ಬೇಕು ಎಂದು ಜನ ಕೇಳಿದ್ದಾರೆ. ಅದಕ್ಕೆ ಮೊದಲು ಎಸ್ಟಿಮೇಟ್ ಆಗಬೇಕು ಎಂದು ಇಂಜಿನಿಯರ್ ಹೇಳಿದ್ದಾರೆ.
>
> ಟ್ಯಾಂಕರ್ ಬರದಿದ್ದರೆ ಪಂಚಾಯತಿ ಕಚೇರಿಯಲ್ಲಿ ಕಾರ್ಯದರ್ಶಿಯವರನ್ನು ಕೇಳಿ.

"ಬರಬಹುದು" ಹಾಗೇ ಉಳಿದಿದೆ, ನೋಡಿ. ಅದನ್ನು "ಬರುತ್ತದೆ" ಮಾಡುವ ಆಸೆ ಆಗುತ್ತೆ, ಓದೋಕೆ ಚೆಂದ. ಮಾಡಬೇಡಿ. ಹಾಗೇ ಕೊನೆಯ ಸಾಲು ರೆಕಾರ್ಡಿಂಗ್‌ನಲ್ಲಿ ಇಲ್ಲ, ಪಿಡಿಒ ಅವರನ್ನು ಕೇಳಿ ಸೇರಿಸಿದ್ದು. ಹೀಗೆ ಹೊರಗಿನಿಂದ ಸೇರಿಸುವುದು ಅದೊಂದೇ ಇರಲಿ.

ಆಗದೆ ಉಳಿದದ್ದು ಬರೆಯಬೇಕಾ?

ಬರೆಯಬೇಕು. ಇದಕ್ಕೆ ನಿಮಗೆ ಸ್ವಲ್ಪ ವಿರೋಧ ಬರಬಹುದು. "ಆಗಿರೋದು ಮಾತ್ರ ಹಾಕಿ, ಆಗದೇ ಇರೋದನ್ನ ಯಾಕೆ ನಾವೇ ಎತ್ತಿ ತೋರಿಸಬೇಕು?" ಅಂತ ನನಗೂ ಹೇಳಿದ್ದಾರೆ. ಆದರೆ ಸಭೆಯಲ್ಲಿ ಎದ್ದು ನಿಂತು ಕೇಳಿದವರು ಬೋರ್ಡಿನಲ್ಲಿ ಮೊದಲು ಹುಡುಕುವುದು ತಮ್ಮ ಪ್ರಶ್ನೆಯನ್ನೇ. ಅದು ಕಾಣದಿದ್ದರೆ "ನಾವು ಹೇಳಿದ್ದು ಇವರು ಬರ್ಕೊಂಡೇ ಇಲ್ಲ" ಅಂತ ಹೋಗುತ್ತಾರೆ, ಮುಂದಿನ ಸಭೆಗೆ ಬರಲ್ಲ. "ತೀರ್ಮಾನ ಆಗಿಲ್ಲ" ಅನ್ನುವ ಒಂದು ಸಾಲು ಇದ್ದರೆ ಅಧ್ಯಕ್ಷರಿಗೂ ಒಳ್ಳೆಯದೇ. ಬೋರ್‌ವೆಲ್ ಕೊಡ್ತೀನಿ ಅಂದಿದ್ರು ಅಂತ ಆಮೇಲೆ ಯಾರೂ ಹೇಳೋಕಾಗಲ್ಲ.

ಕೇಳಿದವರ ಹೆಸರು ಮಾತ್ರ ಬೇಡ. "ಜನ ಕೇಳಿದ್ದಾರೆ" ಸಾಕು. ನೀರುಗಂಟಿ ಮೇಲೆ ದೂರು ಹೇಳಿದವರ ಹೆಸರು ಬೋರ್ಡಿಗೆ ಬಂದರೆ, ಮಾರನೇ ದಿನ ಅವರ ಬೀದಿಗೆ ನೀರು ಬಿಡಬೇಕಾದವರೂ ಅದೇ ನೀರುಗಂಟಿ.

ಮನೆ ಪಟ್ಟಿ ಇದ್ದರೆ

ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ಗ್ರಾಮ ಸಭೆಯಲ್ಲೇ ಆಗುವುದರಿಂದ ನಿಮ್ಮ ರೆಕಾರ್ಡಿಂಗ್‌ನಲ್ಲೂ ಹೆಸರು ಓದಿರುವ ಭಾಗ ಇರಬಹುದು. ಅದನ್ನು ಕಿವಿಯಿಂದ ಬರೆಯಬೇಡಿ. ಮೈಕಿನಲ್ಲಿ ರತ್ನಮ್ಮ ಮತ್ತು ರಂಗಮ್ಮ ಒಂದೇ ಥರ ಕೇಳಿಸುತ್ತೆ. ಊರಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದರೆ ಇಬ್ಬರೂ ತಮಗೇ ಮನೆ ಬಂತು ಅಂದುಕೊಳ್ಳುತ್ತಾರೆ. ಸಭೆಯಲ್ಲಿ ಓದಿದ ಪಟ್ಟಿಯನ್ನೇ ತರಿಸಿಕೊಂಡು ಬಿನ್, ಕೋಂ ಸಮೇತ ಅಕ್ಷರಕ್ಕೆ ಅಕ್ಷರ ನಕಲು ಮಾಡಿ. ರೆಕಾರ್ಡಿಂಗ್ ಬೇಕಾಗುವುದು ಒಂದೇ ಕೆಲಸಕ್ಕೆ: ಸಭೆಯಲ್ಲಿ ಆಕ್ಷೇಪ ಬಂದು ಯಾವುದಾದರೂ ಹೆಸರು ಬಿಟ್ಟರಾ, ಸೇರಿಸಿದರಾ ಅಂತ ನೋಡುವುದಕ್ಕೆ.

ಹೆಸರಿನ ಪಕ್ಕ ಆಧಾರ್ ನಂಬರ್, ಫೋನ್ ನಂಬರ್ ಬೇಡ. ಆಯ್ಕೆಗೆ ಕಾರಣವಾಗಿ ಸಭೆಯಲ್ಲಿ ಹೇಳಿದ ಕಾಯಿಲೆ, ಗಂಡ ಬಿಟ್ಟ ಕತೆ, ಸಾಲ ಯಾವುದೂ ಬೇಡ. ಪಟ್ಟಿಯ ಕೆಳಗೆ ಒಂದು ಸಾಲು ಮಾತ್ರ ತಪ್ಪದೆ ಇರಲಿ: ಇದು ಆಯ್ಕೆ ಪಟ್ಟಿ, ದಾಖಲೆ ಪರಿಶೀಲನೆ ಆಗಿ ಮಂಜೂರಾತಿ ಬಂದ ಮೇಲೇ ಮನೆ ಕೆಲಸ ಶುರು ಮಾಡಿ. ಈ ಸಾಲು ಇಲ್ಲದ ನೋಟಿಸ್ ನಂಬಿ ಹಳೇ ಮನೆ ಕೆಡವಿಕೊಂಡು ಕೂತವರನ್ನು ನಾನು ನೋಡಿದ್ದೇನೆ.

ಹಾಳೆ, ಅಕ್ಷರ

ಮೇಲೆ ಸಭೆಯ ತಾರೀಖು, ಜಾಗ, ಎಷ್ಟು ಜನ ಇದ್ದರು. ಈ ಸಂಖ್ಯೆ ಹಾಜರಿ ಪುಸ್ತಕದಿಂದ ಬರಲಿ. ಆಮೇಲೆ ವಿಷಯಗಳು. ಸಭೆಯಲ್ಲಿ ಬಂದ ಕ್ರಮದಲ್ಲಿ ಅಲ್ಲ, ತಾರೀಖು ಹತ್ತಿರ ಇರುವುದು ಮೊದಲು. ಒಂದು ವಿಷಯಕ್ಕೆ ನಾಲ್ಕೈದು ಸಾಲು ದಾಟಿದರೆ ಎಲ್ಲೋ ಚರ್ಚೆ ನುಸುಳಿದೆ ಅಂತ ಅರ್ಥ.

ಅಕ್ಷರ ದೊಡ್ಡದಿರಲಿ, 18 ಪಾಯಿಂಟ್‌ಗಿಂತ ಕಡಿಮೆ ಬೇಡ. ಎ4 ಹಾಳೆ ಸಾಲದಿದ್ದರೆ ಅಕ್ಷರ ಚಿಕ್ಕದು ಮಾಡುವ ಬದಲು ಎ3 ಮಾಡಿಸಿ. ಟೈಪ್ ಮಾಡುವುದು ಯುನಿಕೋಡ್‌ನಲ್ಲೇ ಇರಲಿ. ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತೆ. ಪಿಡಿಎಫ್ ಮಾಡಿ ಕೊಟ್ಟರೆ ಆ ತಾಪತ್ರಯ ಇಲ್ಲ. ಅಂಕಿಗಳನ್ನು 1, 2, 3 ಅಂತಲೇ ಬರೆಯಿರಿ, ಕ್ಯಾಲೆಂಡರ್ ಮತ್ತು ಮೊಬೈಲಿನಲ್ಲಿ ಜನ ನೋಡುವುದು ಅದನ್ನೇ.

ಸಹಿಗೆ ಕಳಿಸುವ ಮುಂಚೆ, ಸಭೆಗೆ ಬರದೇ ಇದ್ದ ಯಾರಿಗಾದರೂ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ನಿಮ್ಮ ಕೇಂದ್ರಕ್ಕೆ ಪೇಪರ್ ಓದೋಕೆ ಬರುವ ಅಜ್ಜ ಆದರೂ ಸರಿ. "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ಟ್ಯಾಂಕರ್ ಯಾವತ್ತು ಬರುತ್ತೆ?", "ಬೋರ್‌ವೆಲ್ ಕೊರೆಸ್ತಾರಾ?" ಅಂತ ಕೇಳಿ. ಎರಡನೇ ಪ್ರಶ್ನೆಗೆ "ಕೊರೆಸ್ತಾರಂತೆ" ಅನ್ನುವ ಉತ್ತರ ಬಂದರೆ ಆ ಸಾಲನ್ನು ಮತ್ತೆ ಬರೆಯಿರಿ.

ರೆಕಾರ್ಡಿಂಗ್ ಫೈಲಿಗೆ ಸಭೆಯ ತಾರೀಖಿನ ಹೆಸರು ಕೊಟ್ಟು ಪಂಚಾಯತಿ ಕಂಪ್ಯೂಟರ್‌ಗೆ ಒಂದು ಪ್ರತಿ ಹಾಕಿಡಿ, ಮೊಬೈಲ್ ಒಂದನ್ನೇ ನಂಬಬೇಡಿ. ನೋಟಿಸಿನಲ್ಲಿ ತಪ್ಪು ಕಂಡರೆ ಪೆನ್ನಿನಿಂದ ಗೀಚಬೇಡಿ. ಹೊಸ ಹಾಳೆಗೆ "ತಿದ್ದಿದ ಪ್ರತಿ" ಅಂತ ತಾರೀಖಿನ ಜೊತೆ ಬರೆಸಿ, ಮತ್ತೆ ಸಹಿ ಮಾಡಿಸಿ ಹಾಕಿ. ಈ ಉದಾಹರಣೆಯಲ್ಲಿ 16ನೇ ತಾರೀಖು ಸಂಜೆ ಬೋರ್ಡ್ ಹತ್ತಿರ ಒಂದು ಸಲ ಹೋಗಬೇಕು. ಮೋಟರ್ ಬಂದಿದ್ದರೆ ಟ್ಯಾಂಕರ್ ನಿಂತಿತು ಅಂತ ಹಾಕಿ. ಬಂದಿಲ್ಲದಿದ್ದರೆ ಇಂಜಿನಿಯರ್‌ಗೆ ಫೋನ್ ಮಾಡಿ ಹೊಸ ತಾರೀಖು ಕೇಳಿ.